ವಿಜಯಪುರ 31%, ಬಾಗಲಕೋಟೆ 74%: ಟಾರ್ಗೆಟ್ ಹಂಚಿದ್ದರಲ್ಲಿ ಎಲ್ಲಿ ತಪ್ಪಿದೆ?

ಕೃಷ್ಣಾತೀರ
ಮೂರು ಜಿಲ್ಲೆ, ಮೂವರು ಹುಡುಗರು. ಒಬ್ಬನಿಗೆ ಬೆಳಗಾವಿ, ಒಬ್ಬನಿಗೆ ಬಾಗಲಕೋಟೆ, ಒಬ್ಬನಿಗೆ ವಿಜಯಪುರ. ಹೋದ ವರ್ಷದ ಮಾರಾಟದ ಮೇಲೆ 20% ಸೇರಿಸಿ ಟಾರ್ಗೆಟ್ ಕೊಟ್ಟೆ. ಎಲ್ಲರಿಗೂ ಒಂದೇ ಲೆಕ್ಕ, ಯಾರಿಗೂ ಅನ್ಯಾಯ ಇಲ್ಲ ಅಂದುಕೊಂಡಿದ್ದೆ. ಸೆಪ್ಟೆಂಬರ್ ಮುಗಿಯಿತು. ಬಾಗಲಕೋಟೆ 74%, ಬೆಳಗಾವಿ 58%, ವಿಜಯಪುರ 31%. ನಿನ್ನೆ ವಿಜಯಪುರದ ಹುಡುಗ ಫೋನ್ ಮಾಡಿ, "ಸರ್, ನನ್ನ ಕೈಲಿ ಆಗಲ್ಲ, ಬೇರೆಯವರನ್ನ ನೋಡ್ಕೊಳ್ರಿ" ಅಂದ. ಮೂವರಲ್ಲಿ ಜಾಸ್ತಿ ದುಡಿಯೋನೇ ಅವನು. ಬೆಳಗ್ಗೆ 7ಕ್ಕೆಲ್ಲ ತೋಟದಲ್ಲಿರುತ್ತಾನೆ. ರಾತ್ರಿ ನಿದ್ದೆ ಬರಲಿಲ್ಲ. ಏನು ಮಾಡಲಿ?

ಬೀಟ್‌ಪ್ಲ್ಯಾನ್
ತೋಟದಲ್ಲಿ ನಿಂತರೆ ಬಿಲ್ ಆಗಲ್ಲ ಸಾಹೇಬ್ರೇ. ದಿನಕ್ಕೆ ಎಷ್ಟು ಅಂಗಡಿ ಮುಟ್ಟುತ್ತಾನೆ? ವಾರದ ಬೀಟ್ ಬರೆಸಿ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಹೀಗೆ. ನನ್ನ ಹುಡುಗರು ದಿನಕ್ಕೆ 12 ಅಂಗಡಿ ಮಾಡುತ್ತಾರೆ.

ಚಾಟನಿ ಕತ್ತರಿ
ಮೊದಲು ಎರಡು ವಿಷಯ ಹೇಳಿ. ಏನು ಮಾರುತ್ತೀರಿ? ಬಿಲ್ ಎಲ್ಲಿ ಆಗುತ್ತದೆ? ಬೀಟ್ ಮಾತು ಆಮೇಲೆ.

ಗೋವಿನಜೋಳ
ನನಗೂ ಇದೇ ಆಗಿತ್ತು. ಬೀಜದ ಕಂಪನಿ, ಬಾದಾಮಿ-ರಾಮದುರ್ಗ ಕಡೆ. ಮಳೆ ತಡವಾಯಿತು, ಅಂಗಡಿಯಲ್ಲಿ ಇಳಿಸಿದ ಚೀಲ ಅರ್ಧದಷ್ಟು ವಾಪಸ್ ಬಂತು. ಟಾರ್ಗೆಟ್ ಕಮ್ಮಿ ಮಾಡಿಸಿಕೊಳ್ಳಿ, ಇನ್ನೇನಿಲ್ಲ.

ಕೃಷ್ಣಾತೀರ
ಮಳೆ ವಿಷಯ ಅಲ್ಲ ಅಣ್ಣಾ, ಬೀಜವೂ ಅಲ್ಲ. ಬೆಳೆಗೆ ಹೊಡೆಯೋ ಎಣ್ಣೆಯ ಕಂಪನಿ. ದ್ರಾಕ್ಷಿಗೆ ಡೌನಿ ಔಷಧ, ತೊಗರಿಗೆ ಕಾಯಿಕೊರಕದ್ದು, ಕಬ್ಬಿಗೆ ಕಳೆನಾಶಕ, ಲಘು ಪೋಷಕಾಂಶ. ಬಿಲ್ ಇನ್ನೆಲ್ಲಿ ಆಗುತ್ತದೆ, ಡಿಸ್ಟ್ರಿಬ್ಯೂಟರ್ ಹತ್ತಿರವೇ ಅಲ್ವಾ? ಹೋದ ವರ್ಷ ಬೆಳಗಾವಿ 120 ಲಕ್ಷ, ಬಾಗಲಕೋಟೆ 125, ವಿಜಯಪುರ 55. ಬಾಗಲಕೋಟೆಯಲ್ಲಿ ದೊಡ್ಡವರು ಜಮಖಂಡಿಯವರು, ಅವರೊಬ್ಬರದೇ 80.

ಚಾಟನಿ ಕತ್ತರಿ
ಇದನ್ನೇ ಮೊದಲು ಬರೆಯಬೇಕಿತ್ತು. ನಿಮ್ಮ ಸಮಸ್ಯೆ ಜಮಖಂಡಿಯಲ್ಲಿದೆ, ವಿಜಯಪುರದಲ್ಲಿ ಅಲ್ಲ. ದ್ರಾಕ್ಷಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ತಿಕೋಟಾ ವಿಜಯಪುರ ಜಿಲ್ಲೆ, ಸಾವಳಗಿ ಜಮಖಂಡಿ ತಾಲೂಕು, ತೆಲಸಂಗ ಅಥಣಿ ತಾಲೂಕು. ಮೂರೂ ಒಂದೇ ದ್ರಾಕ್ಷಿ ಪಟ್ಟಿ. ಅಲ್ಲಿನ ಅಂಗಡಿಯವನು ಯಾರು ರೇಟು ಇಳಿಸಿ, ಉದ್ರಿ ಕೊಟ್ಟು, ಟೆಂಪೋದಲ್ಲಿ ಬಾಗಿಲಿಗೆ ಕಳಿಸುತ್ತಾರೋ ಅವರ ಹತ್ತಿರ ಕೊಳ್ಳುತ್ತಾನೆ. ನಿಮ್ಮ ಹುಡುಗ ತಿಕೋಟಾದ ತೋಟದಲ್ಲಿ ರೈತನನ್ನು ಒಪ್ಪಿಸುತ್ತಾನೆ, ರೈತ ತಿಕೋಟಾದಲ್ಲೇ ಕೊಳ್ಳುತ್ತಾನೆ, ಮಾರಾಟ ಬಾಗಲಕೋಟೆಯವನ ಖಾತೆಗೆ ಬೀಳುತ್ತದೆ.

ಊಹೆ ಬೇಡ, ಹೀಗೆ ಪರೀಕ್ಷೆ ಮಾಡಿ. ಡಿಪೋದಿಂದ ಜಮಖಂಡಿಗೆ ಹೋದ ಬಿಲ್ ತೆಗೆಯಿರಿ. ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. ತಿಕೋಟಾ, ಬಬಲೇಶ್ವರದ ಅಂಗಡಿಗಳಿಗೆ ಹೋಗಿ ಬಾಕ್ಸ್ ತಿರುಗಿಸಿ ಬ್ಯಾಚ್ ಓದಿ. ಒಂದೇ ಬ್ಯಾಚ್ ಎರಡು ಕಡೆಗೆ ಹೋಗಿದ್ದರೆ ಇದರಿಂದ ತಿಳಿಯಲ್ಲ, ಅದಕ್ಕೇ ಡಿಸ್ಟ್ರಿಬ್ಯೂಟರ್ ಹತ್ತಿರ ಅಂಗಡಿವಾರು ಮಾರಾಟದ ಪಟ್ಟಿಯನ್ನೂ ಕೇಳಿ.

ಬೀಟ್‌ಪ್ಲ್ಯಾನ್
ಜಮಖಂಡಿಯವರಿಗೆ "ನಿಮ್ಮ ಜಿಲ್ಲೆ ಬಿಟ್ಟು ಮಾರಬೇಡಿ" ಅಂತ ಹೇಳಿದರೆ ಮುಗಿಯಿತಲ್ಲ? ಬೀಟ್ ಸರಿ ಇದ್ದರೆ ಹೊರಗಿನ ಮಾಲು ಒಳಗೆ ಬರಲ್ಲ.

ಚಾಟನಿ ಕತ್ತರಿ
ಹೇಳಿ ನೋಡಿ. ಆ ತಿಂಗಳೇ ಅವರು ಬೇರೆ ಕಂಪನಿಯ ಡೌನಿ ಔಷಧ ಎತ್ತುತ್ತಾರೆ. ವಿಜಯಪುರದಲ್ಲಿ ಅಷ್ಟು ಉದ್ರಿ ಹೊರುವ ಡಿಸ್ಟ್ರಿಬ್ಯೂಟರ್ ಇದ್ದಿದ್ದರೆ ಅಂಗಡಿಯವರು ಜಮಖಂಡಿಗೆ ಯಾಕೆ ಹೋಗುತ್ತಿದ್ದರು?

ಬೀಟ್‌ಪ್ಲ್ಯಾನ್
ಶಿಸ್ತು ಇಲ್ಲದೆ ಯಾವ ಲೆಕ್ಕವೂ ನಿಲ್ಲಲ್ಲ. ನಮ್ಮ ಟೀಮಿನಲ್ಲಿ 140 ಅಂಗಡಿ, ಪ್ರತಿಯೊಂದೂ ಮ್ಯಾಪಿನ ಮೇಲಿದೆ. ಬೆಳಗ್ಗೆ 9ಕ್ಕೆ ಯಾರು ಎಲ್ಲಿದ್ದಾರೆ ಅಂತ ಮೊಬೈಲಿನಲ್ಲೇ ಕಾಣುತ್ತದೆ.

ಗೋವಿನಜೋಳ
ಯಾವ ಆಪ್ ಅಣ್ಣಾ? ನಮ್ಮದು ದಿನಾ ಕೈಕೊಡುತ್ತದೆ.

ಕೃಷ್ಣಾತೀರ (ನಾಲ್ಕು ದಿನದ ನಂತರ)
ಹೋಗಿ ಬಂದೆ. ತಿಕೋಟಾದಲ್ಲಿ ಒಂದು ಅಂಗಡಿ. ಕೌಂಟರ್ ಹಿಂದೆ ನಮ್ಮ ಡೌನಿ ಔಷಧದ ಆರು ಬಾಕ್ಸ್, ಒಂದರ ಮೇಲೊಂದು. ಕೆಳಗಿನದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಜಮಖಂಡಿ ಅಂಗಡಿಯ ಹೆಸರು ಇನ್ನೂ ಹಾಗೇ ಇತ್ತು. ಬ್ಯಾಚ್ ನೋಡುವ ಕೆಲಸವೇ ಬೀಳಲಿಲ್ಲ. ಹುಡುಗ ಪಕ್ಕದಲ್ಲೇ ನಿಂತಿದ್ದ. "ಇದನ್ನೇ ಸರ್, ನಾನು ಜೂನ್‌ನಲ್ಲಿ ಹೇಳಿದ್ದು" ಅಂದ. ಹೇಳಿದ್ದ, ನಿಜ. ಮಾರಾಟ ಆಗದ್ದಕ್ಕೆ ನೆಪ ಅಂದುಕೊಂಡು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ತುಂಬಾ ನೋವಾಯಿತು.

ಜಮಖಂಡಿಯವರು ಎರಡು ಕಪ್ ಚಹಾ ಆದಮೇಲೆ ಪಟ್ಟಿ ಕೊಟ್ಟರು. ಹೋದ ವರ್ಷದ ಅವರ 80ರಲ್ಲಿ 28 ಲಕ್ಷ ತಿಕೋಟಾ-ಬಬಲೇಶ್ವರಕ್ಕೆ ಹೋಗಿದೆ. 9 ಲಕ್ಷ ತೆಲಸಂಗ ಕಡೆಗೆ. ಮಾಲು ಖರ್ಚಾದ ಜಾಗ ನೋಡಿದರೆ ಬೆಳಗಾವಿ 129, ಬಾಗಲಕೋಟೆ 88, ವಿಜಯಪುರ 83. ನಾನು 55 ಅಂತ ಕೂತಿದ್ದೆ.

ಚಾಟನಿ ಕತ್ತರಿ
ಇನ್ನೊಂದು ನೋಡಿ. ಬಾಗಲಕೋಟೆಯ 88ರಲ್ಲಿ ವರ್ಷದ ಟಾರ್ಗೆಟ್ ಮುಟ್ಟಿಸೋಕೆ ಮಾರ್ಚ್ ಕೊನೆಯ ವಾರದಲ್ಲಿ ತುರುಕಿದ್ದು ಎಷ್ಟು? ಏಪ್ರಿಲ್, ಮೇನಲ್ಲಿ ಅದು ವಾಪಸ್ ಬಂದಿದ್ದರೆ ಹೋದ ವರ್ಷದ ಲೆಕ್ಕದಿಂದ ಕಳೆಯಬೇಕು. ಇಲ್ಲದಿದ್ದರೆ ಬರಿ ಕಾಗದದ ಮೇಲೆ 20% ಸೇರಿಸಿದ ಹಾಗೆ.

ಆಮೇಲೆ 31% ನೋಡಿ ಹೆದರಬೇಡಿ. ವಿಜಯಪುರದ ದುಡ್ಡು ಇನ್ನು ಬರಬೇಕು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟನಿ ಅಕ್ಟೋಬರ್‌ನಲ್ಲಿ, ಚಿಗುರು ಬಂದಮೇಲೆ ಡೌನಿ ಹೊಡೆತ ಡಿಸೆಂಬರ್ ತನಕ. ಮಳೆ ಹಿಡಿದರೆ ಚಾಟನಿ ಮುಂದೆ ಹೋಗುತ್ತದೆ, ಮಾರಾಟವೂ ಅದರ ಜೊತೆ ಹೋಗುತ್ತದೆ. ಕಬ್ಬಿನ ಕಳೆನಾಶಕ ಮಳೆಗಾಲದ ನಾಟಿಯಿಂದಲೇ ಹೋಗುತ್ತದೆ. ಅದಕ್ಕೆ ಬಾಗಲಕೋಟೆಯವನು ಮೊದಲೇ ಮುಂದಿದ್ದಾನೆ. ವರ್ಷವನ್ನು 12ರಿಂದ ಭಾಗಿಸಿದರೆ ದ್ರಾಕ್ಷಿಯವನು ಪ್ರತಿ ಸೆಪ್ಟೆಂಬರ್‌ನಲ್ಲೂ ಸೋತವನಾಗಿಯೇ ಕಾಣುತ್ತಾನೆ.

ನಾನಾದರೆ ತಿಕೋಟಾ, ಬಬಲೇಶ್ವರ, ಸಾವಳಗಿ, ತೆಲಸಂಗ ನಾಲ್ಕನ್ನೂ ಒಬ್ಬನಿಗೇ ಕೊಡುತ್ತೇನೆ. ಬಿಲ್ ಜಮಖಂಡಿಯಲ್ಲೇ ಆಗಲಿ. ಮಾಲು ಇಳಿದ ಅಂಗಡಿ ಯಾರ ಪಟ್ಟಿಯಲ್ಲಿದೆಯೋ ಮಾರಾಟ ಅವನ ಖಾತೆಗೆ.

ತೊಗರಿ ಹೂ
ನಾನು ಸಿಂದಗಿ ಕಡೆ ಆರು ವರ್ಷ ತಿರುಗಿದವಳು. ಒಂದು ಮಾತು. ನಾಲ್ಕು ಊರು ಕೊಟ್ಟಿರಿ, ಸರಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಯಾರಿಗೆ? ತೊಗರಿ ಹೂ ಬಿಡೋದು, ಕಾಯಿಕೊರಕ ಬೀಳೋದೂ ಅಕ್ಟೋಬರ್-ನವೆಂಬರ್‌ನಲ್ಲೇ. ಕೊರಕದ ಮರಿ ಸಣ್ಣದಿದ್ದಾಗಲೇ ಹೊಡೆಯಬೇಕು, ಆ ಎಂಟು-ಹತ್ತು ದಿನ ಅಂಗಡಿಯಲ್ಲಿ ಮಾಲು ಇಲ್ಲದಿದ್ದರೆ ಸೀಸನ್ ಹೋಯಿತು. ಅದೇ ದಿನ ಅವನು ತೆಲಸಂಗದಲ್ಲಿ ಡೌನಿ ನೋಡುತ್ತಿರುತ್ತಾನೆ.

ಚಾಟನಿ ಕತ್ತರಿ
ಅಕ್ಕಾ, ಇದು ನನಗೆ ಹೊಳೆದಿರಲಿಲ್ಲ. ಈಗಿನಿಂದ ಮೂರು ತಿಂಗಳಿಗೆ ಸಿಂದಗಿಯಲ್ಲಿ ಒಬ್ಬ ಫೀಲ್ಡ್ ಅಸಿಸ್ಟೆಂಟ್ ಇಟ್ಟುಕೊಳ್ಳಬಹುದು.

ತೊಗರಿ ಹೂ
ಅಸಿಸ್ಟೆಂಟ್ ಡೆಮೊ ಮಾಡುತ್ತಾನೆ, ವಸೂಲಿ ಮಾಡಲ್ಲ. ತೊಗರಿ ರೈತ ರಾಶಿ ಆದಮೇಲೆ, ಜನವರಿ ನಂತರ ದುಡ್ಡು ಕೊಡೋದು. ಆಗ ಅಸಿಸ್ಟೆಂಟ್ ಇರಲ್ಲ.

ಬೀಟ್‌ಪ್ಲ್ಯಾನ್
ಅದಕ್ಕೇ ನಾನು ಹೇಳಿದ್ದು, ಬೀಟ್ ಬರೆಸಿ ಅಂತ.

ಕೃಷ್ಣಾತೀರ
ಇವತ್ತು ಇಷ್ಟು ಮಾಡಿದೆ. ಸಾವಳಗಿ, ತೆಲಸಂಗ ವಿಜಯಪುರದ ಹುಡುಗನಿಗೆ. ಟಾರ್ಗೆಟ್ ಈಗ ಮಾಲು ಖರ್ಚಾದ ಜಾಗದ ಲೆಕ್ಕದಲ್ಲಿ, ತಿಂಗಳವಾರು ಬೆಳೆ ನೋಡಿ. ಅವನು ರಾಜೀನಾಮೆ ಮಾತು ಬಿಟ್ಟ. ಸಿಂದಗಿಗೆ ಅಸಿಸ್ಟೆಂಟ್ ಕೇಳಿ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಈಗ ಬಾಗಲಕೋಟೆಯವನು ಸಿಟ್ಟಾಗಿದ್ದಾನೆ. "ಜಮಖಂಡಿಯ ವಸೂಲಿ ನಂದು, ಮಾರಾಟ ಅವನದಾ?" ಅಂತ ಕೇಳಿದ. ತಿಕೋಟಾ ಅಂಗಡಿಯವರು ದುಡ್ಡು ಕೊಡದಿದ್ದರೆ ಜಮಖಂಡಿಯವರು ನಮಗೆ ನಿಲ್ಲಿಸುತ್ತಾರೆ, ಫೋನ್ ಬರೋದು ಇವನಿಗೆ. ಅವನ ಮಾತಿನಲ್ಲೂ ನ್ಯಾಯ ಇದೆ. ವಸೂಲಿ ಒಬ್ಬನದು, ಮಾರಾಟ ಇನ್ನೊಬ್ಬನದು ಆದಾಗ ಇನ್ಸೆಂಟಿವ್ ಯಾರು ಹೇಗೆ ಹಂಚಿದ್ದೀರಿ? ಮಾಡಿ ನೋಡಿದವರು ಹೇಳಿ.

ಗೋವಿನಜೋಳ
ನಮ್ಮಲ್ಲಿ ಅರ್ಧ-ಅರ್ಧ ಮಾಡಿದ್ದರು. ಇಬ್ಬರೂ ಬೈದರು.

ತೊಗರಿ ಹೂ
ನಮ್ಮಲ್ಲಿ ದುಡ್ಡು ಬಂದ ಮೇಲೆಯೇ ಇಬ್ಬರಿಗೂ ಇನ್ಸೆಂಟಿವ್ ಅಂತ ಇಟ್ಟಿದ್ದರು. ಆಗ ಮಾರಿದವನೂ ಅಂಗಡಿಗೆ ವಸೂಲಿಗೆ ಹೋಗುತ್ತಿದ್ದ. ಆದರೆ ನಮ್ಮದು ಒಂದೇ ಜಿಲ್ಲೆಯೊಳಗಿನ ಮಾತು.