ಪದಚರ್ಚೆ: ‘ಖರೀದಿ ಬೆಲೆ ವ್ಯತ್ಯಾಸ’ ಎಂದರೆ ಗೋದಾಮಿನವರಿಗೆ ಏನು ಕೇಳಿಸುತ್ತದೆ?

ಪ್ರಶ್ನೆ, ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೊಂದು ಹುಣಸೆ ಪೇಸ್ಟ್ ಘಟಕದಲ್ಲಿ ಲೆಕ್ಕಪತ್ರ ನೋಡುತ್ತೇನೆ. ನಮ್ಮಲ್ಲಿ ಸ್ಟ್ಯಾಂಡರ್ಡ್ ಕಾಸ್ಟ್ ಪದ್ಧತಿ ಇದೆ. ವರ್ಷದ ಮೊದಲೇ ಕೆಜಿಗೆ ಒಂದು ದರ ಗೊತ್ತುಮಾಡಿಕೊಂಡು, ಮಂಡಿಯಲ್ಲಿ ಎಷ್ಟೇ ಕೊಟ್ಟು ತಂದರೂ ದಾಸ್ತಾನಿಗೆ ಅದೇ ದರದಲ್ಲಿ ಏರಿಸುತ್ತೇವೆ. ಈ ಸಲದ ದರ 120 ರೂಪಾಯಿ. 138ಕ್ಕೆ ನೂರು ಕೆಜಿ ಬಂದರೆ ದಾಸ್ತಾನಿಗೆ 12,000, ವ್ಯಾಪಾರಿಗೆ ಕೊಡಬೇಕಾದದ್ದು 13,800, ನಡುವಿನ 1,800 ಬೇರೊಂದು ಖಾತೆಗೆ.

ಆ ಖಾತೆಯ ಹೆಸರೇ ತೊಡಕು. ಗೋದಾಮಿನವರಿಗೆ ಕೊಡುವ ಟಿಪ್ಪಣಿಯಲ್ಲಿ ‘ಪ್ರತಿಕೂಲ ಖರೀದಿ ಬೆಲೆ ವ್ಯತ್ಯಾಸ’ ಎಂದು ಬರೆದೆ. ಮೇಸ್ತ್ರಿ ಓದಿ, ‘ತೂಕದಲ್ಲಿ ಕಮ್ಮಿ ಬಿದ್ದಿದೆಯಾ ಮೇಡಂ? ನಾವು ಮುಟ್ಟಿಲ್ಲ’ ಅಂದರು. ‘ನಿಗದಿತ ಬೆಲೆ’ ಅಂದರೆ ಸರ್ಕಾರದ ಬೆಂಬಲ ಬೆಲೆ ಅಂತಾರೆ. ‘ಪ್ರಮಾಣಿತ’ ಅಂದರೆ ಸರ್ಟಿಫಿಕೇಟು ಸಿಕ್ಕಿದ ಹಣ್ಣು! ನೀವೆಲ್ಲ ಏನು ಬಳಸುತ್ತೀರಿ?

ಶಿರಾದಿಂದ:

‘ಹೆಚ್ಚು ತೆತ್ತದ್ದು’ ಅಂತ ಬರೆಯಿರಿ, ಮುಗಿಯಿತು. ಖಾತೆಗೆ ಸಂಸ್ಕೃತದ ಹೆಸರೇ ಯಾಕೆ? ಅಂದಹಾಗೆ ಅದು ಖರೀದಿಯವರ ಜಾಣತನದ ಅಳತೆ. ಕಡಿಮೆಗೆ ತಂದರೆ ಲಾಭ, ಹೆಚ್ಚಿಗೆ ತಂದರೆ ನಷ್ಟ, ಎರಡೂ ಆ ವರ್ಷದ್ದೇ. ದಾಸ್ತಾನಿಗೂ ಇದಕ್ಕೂ ಸಂಬಂಧ ಇಲ್ಲ. ನಾನು ಹಿಂದೆ ಇದ್ದ ಕಾರ್ಖಾನೆಯಲ್ಲಿ ಮಾರ್ಚ್ 31ಕ್ಕೆ ಪೂರ್ತಿ ಲಾಭ-ನಷ್ಟಕ್ಕೆ ಎತ್ತಿಬಿಡುತ್ತಿದ್ದರು.

ಶಿಡ್ಲಘಟ್ಟದಿಂದ:

ನಮ್ಮದು ರೀಲಿಂಗ್. ದಿನಾ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗುತ್ತೇನೆ, ಒಂದು ದಿನದ ರೇಟು ಮಾರನೇ ದಿನ ಇರಲ್ಲ. ಮೊನ್ನೆ ಒಂದು ಲಾಟಿನಲ್ಲಿ ರೆಂಡಿಟ್ಟ, ಅಂದರೆ ಒಂದು ಕೆಜಿ ನೂಲಿಗೆ ಹಿಡಿಯುವ ಗೂಡಿನ ತೂಕ, ಏರಿ ನೂಲು ಕಮ್ಮಿ ಬಂತು. ಆ ನಷ್ಟವನ್ನೂ ಈ ವ್ಯತ್ಯಾಸದ ಖಾತೆಗೆ ಹಾಕಬಹುದಾ ಸಾರ್?

ಗೌರಿಬಿದನೂರಿನಿಂದ (ನಾನು ಕಾಸ್ಟ್ ಅಕೌಂಟೆಂಟ್):

ಶಿಡ್ಲಘಟ್ಟದವರಿಗೆ ಮೊದಲು ಹೇಳಿಬಿಡುತ್ತೇನೆ: ಹಾಕಬಾರದು. ಗೂಡು ಹೆಚ್ಚು ಹಿಡಿದದ್ದು ಬಳಕೆಯ ವ್ಯತ್ಯಾಸ, ಬೆಲೆಯದ್ದಲ್ಲ. ದಿನಾ ಏರಿಳಿಯುವ ಮಾಲಿಗೆ ಒಂದೇ ದರ ಗೊತ್ತುಮಾಡಿಕೊಂಡು ಕೂರುವುದೂ ನಿಮಗೆ ಒಗ್ಗುವುದಿಲ್ಲ, ಸರಾಸರಿ ದರವೇ ಸಾಕು.

ಇನ್ನು ಶಿರಾದವರ ಮಾತು ಅರ್ಧ ನಿಜ. ತಂದ ಮಾಲೆಲ್ಲ ಅದೇ ವರ್ಷ ಮಾರಾಟವಾಗಿ ಹೋಗಿದ್ದರೆ ಪೂರ್ತಿ ಲಾಭ-ನಷ್ಟಕ್ಕೆ ಎತ್ತಿದರೂ ಅಡ್ಡಿಯಿಲ್ಲ. ಹುಣಸೆಯಲ್ಲಿ ಹಾಗಾಗುವುದಿಲ್ಲ. ಸುಗ್ಗಿ ಬರುವುದೇ ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ. ಜನವರಿಯಿಂದ ಮಾರ್ಚ್‌ವರೆಗೆ ಕೊಂಡು ಕೋಲ್ಡ್ ಸ್ಟೋರೇಜಿಗೆ ಇಟ್ಟದ್ದು ಮುಂದಿನ ವರ್ಷವಿಡೀ ಪೇಸ್ಟ್ ಆಗುತ್ತದೆ. ಮಾರ್ಚ್ 31ರಂದು ಗೋದಾಮು ತುಂಬಿರುತ್ತದೆ.

ಒಂದು ಲೆಕ್ಕ ನೋಡಿ. ಈ ಸುಗ್ಗಿಯಲ್ಲಿ ಸರಾಸರಿ 138ರಂತೆ 50,000 ಕೆಜಿ ಕೊಂಡಿರಿ ಅನ್ನೋಣ. ಹಳೆಯ ಹಣ್ಣು ಉಳಿದಿರಲಿಲ್ಲ. ಕೆಜಿಗೆ 18 ಹೆಚ್ಚು, ಒಟ್ಟು 9 ಲಕ್ಷ. ಮಾರ್ಚ್ ಕೊನೆಗೆ 10,000 ಕೆಜಿ ಅರೆದಾಗಿದೆ, 40,000 ಕೆಜಿ ಹಾಗೇ ಇದೆ. ಪುಸ್ತಕದಲ್ಲಿ ಆ ದಾಸ್ತಾನು 48 ಲಕ್ಷ. ಅದಕ್ಕೆ ನೀವು ನಿಜವಾಗಿ ಕೊಟ್ಟದ್ದು 55 ಲಕ್ಷದ 20 ಸಾವಿರ. 9 ಲಕ್ಷವನ್ನೂ ಈ ವರ್ಷಕ್ಕೇ ಹಾಕಿದರೆ ದಾಸ್ತಾನೂ ಲಾಭವೂ 7 ಲಕ್ಷದ 20 ಸಾವಿರ ಕಡಿಮೆ ಕಾಣುತ್ತವೆ. ಮುಂದಿನ ವರ್ಷ ಅದೇ ಹಣ್ಣು 120ರ ಲೆಕ್ಕದಲ್ಲಿ ಹೊರಬರುತ್ತದೆ. ಮಾರಾಟದ ದರ ಏರದಿದ್ದರೂ ಏಪ್ರಿಲ್-ಜೂನ್‌ನಲ್ಲಿ ಲಾಭ ಉಕ್ಕಿದಂತೆ ಕಂಡರೆ ಇದನ್ನೇ ಮೊದಲು ಅನುಮಾನಿಸಿ.

ಲೆಕ್ಕಪದ್ಧತಿಯ ಮಾನದಂಡ ಎಎಸ್ 2 ಕೂಡ ಇಂಥ ದರವನ್ನು ಅನುಕೂಲಕ್ಕೆ ಬಳಸಬಹುದು ಅನ್ನುತ್ತದೆ, ಆದರೆ ಫಲಿತಾಂಶ ನಿಜವಾದ ವೆಚ್ಚಕ್ಕೆ ಹತ್ತಿರವಿರಬೇಕು. 48 ಮತ್ತು 55 ಹತ್ತಿರವಲ್ಲ. ಹಾಗಾಗಿ ಆ 7 ಲಕ್ಷದ 20 ಸಾವಿರವನ್ನು ಮಾರ್ಚ್ 31ಕ್ಕೆ ದಾಸ್ತಾನಿನ ಬೆಲೆಗೆ ಸೇರಿಸಬೇಕು. ಉಳಿದ 1 ಲಕ್ಷದ 80 ಸಾವಿರದಲ್ಲೂ ಎಚ್ಚರ ಬೇಕು. ಅರೆದ ಹಣ್ಣಿನಲ್ಲಿ 4,000 ಕೆಜಿಯ ಪೇಸ್ಟ್ ಇನ್ನೂ ಮಾರಾಟವಾಗದೆ ಡಬ್ಬಿಯಲ್ಲಿದ್ದರೆ, 72 ಸಾವಿರ ಆ ಡಬ್ಬಿಗಳ ಜೊತೆ ಹೋಗುತ್ತದೆ. ಖರ್ಚಿಗೆ ಬೀಳುವುದು 1 ಲಕ್ಷದ 8 ಸಾವಿರ ಮಾತ್ರ.

ಶಿರಾದಿಂದ ಮತ್ತೆ:

ಇರಲಿ, ಆದರೆ ನನ್ನ ತಕರಾರು ಬೇರೆ. ಖರೀದಿಯವರು ತಡಮಾಡಿ ಹೋಗಿ ದುಬಾರಿ ಕೊಟ್ಟು ತಂದರೆ ಅವರ ತಪ್ಪನ್ನು ದಾಸ್ತಾನಿನ ಮೇಲೆ ಹೇರಿ ‘ಆಸ್ತಿ’ ಅನ್ನುವುದೇ? ಅದು ನಷ್ಟ ತಾನೇ?

ಗೌರಿಬಿದನೂರಿನಿಂದ:

ಖರೀದಿಯವರನ್ನು ಪ್ರಶ್ನಿಸಲು ಆ 18 ರೂಪಾಯಿಯನ್ನು ಧಾರಾಳವಾಗಿ ಬಳಸಿ. ಪುಸ್ತಕಕ್ಕೆ ಬಂದರೆ, ಮಾಲಿಗೆ ಕೊಟ್ಟ ಹಣವೇ ವೆಚ್ಚ. 120 ಎಂಬುದು ನಾವೇ ಕೂತು ಮಾಡಿದ ಊಹೆ. ಊಹೆ ತಪ್ಪಿದ್ದಕ್ಕೆ ನಷ್ಟ ಅಂತ ಹೆಸರಿಟ್ಟರೆ ಹೇಗೆ?

ನಾನು ಹೆಚ್ಚಾಗಿ ಕಾಣುವ ತಪ್ಪು ಇನ್ನೊಂದಿದೆ. ಏಪ್ರಿಲ್ 1ಕ್ಕೆ ಹೊಸ ದರ 140 ಅಂತ ಕೂರಿಸುತ್ತಾರೆ. ಕಂಪ್ಯೂಟರು ಗೋದಾಮಿನಲ್ಲಿರುವ 40,000 ಕೆಜಿಯನ್ನೂ 140ಕ್ಕೆ ಏರಿಸಿ, 8 ಲಕ್ಷ ಲಾಭ ಅಂತ ತೋರಿಸುತ್ತದೆ. ಅದನ್ನು ಯಾರೂ ಸಂಪಾದಿಸಿದ್ದಲ್ಲ. ಮಾರ್ಚ್‌ನಲ್ಲಿ ಸೇರಿಸಿದ 7 ಲಕ್ಷದ 20 ಸಾವಿರವೂ ಹಾಗೇ ಕೂತಿದ್ದರೆ ದಾಸ್ತಾನು 63 ಲಕ್ಷದ 20 ಸಾವಿರ ಆಗುತ್ತದೆ, ಒಂದೇ ಹಣ್ಣಿಗೆ ಎರಡು ಸಲ ಬೆಲೆ ಏರಿದಂತೆ. 8 ಲಕ್ಷದಲ್ಲಿ ಮೊದಲು ಹಳೆಯದನ್ನು ವಜಾ ಮಾಡಿ. ಉಳಿದ 80 ಸಾವಿರವನ್ನು ಲಾಭಕ್ಕೆ ತರದೆ ದಾಸ್ತಾನಿನಿಂದ ಕಳೆಯುವ ಮೊತ್ತವಾಗಿ ಇಟ್ಟುಕೊಳ್ಳಿ. ಹಣ್ಣು ಅರೆದು ಮಾರಾಟವಾದ ಹಾಗೆ ಅದೂ ಕರಗಬೇಕು. ಆಗ ಲೆಕ್ಕ ಮತ್ತೆ 55 ಲಕ್ಷದ 20 ಸಾವಿರಕ್ಕೇ ನಿಲ್ಲುತ್ತದೆ.

ತುಮಕೂರಿನಿಂದ:

ಧನ್ಯವಾದ ಸಾರ್. ಹೊಸ ದರ ಕೂರಿಸುವ ಮುನ್ನ ಇದನ್ನು ನಮ್ಮ ಮ್ಯಾನೇಜರಿಗೂ ಓದಿಸುತ್ತೇನೆ. ಟಿಪ್ಪಣಿಯಲ್ಲಿ ‘ಪ್ರತಿಕೂಲ’ ತೆಗೆದುಹಾಕಿದೆ. ಈಗ ಹೀಗೆ ಬರೆದಿದ್ದೇನೆ: ‘ಅಂದಾಜು ದರಕ್ಕಿಂತ ಹೆಚ್ಚು ಕೊಟ್ಟ ಹಣ. ಇದರಲ್ಲಿ ಗೋದಾಮಿನಲ್ಲಿ ಉಳಿದ ಮಾಲಿನ ಪಾಲು ದಾಸ್ತಾನಿಗೆ, ಮಾರಿದ ಮಾಲಿನ ಪಾಲು ಖರ್ಚಿಗೆ.’ ಮೇಸ್ತ್ರಿಗೆ ಅರ್ಥವಾಯಿತು.

ಒಂದು ಉಳಿಯಿತು. ಗಾಜಿನ ಬಾಟಲಿ ನಮಗೆ ಅಂದಾಜಿಗಿಂತ ಅಗ್ಗಕ್ಕೆ ಸಿಕ್ಕಿದೆ. ಅದಕ್ಕೆ ‘ಉಳಿತಾಯ’ ಅನ್ನಬಹುದೇ?

ಕೋಲಾರದಿಂದ (ನಿವೃತ್ತ ಕನ್ನಡ ಮೇಷ್ಟ್ರು):

‘ಉಳಿತಾಯ’ ಅಂದರೆ ಕೈಯಲ್ಲಿ ದುಡ್ಡು ಉಳಿದಿದೆ ಅಂತಲೇ ಓದಿಕೊಳ್ಳುತ್ತಾರೆ ತಾಯಿ. ನನಗೆ ‘ಇಳಿಬೆಲೆ ಅಂತರ’ ಹಿಡಿಸುತ್ತದೆ. ಹೆಚ್ಚಾದದ್ದು ‘ಏರುಬೆಲೆ ಅಂತರ’.

ಗೌರಿಬಿದನೂರಿನಿಂದ:

ಪದ ಚೆನ್ನಾಗಿದೆ ಮೇಷ್ಟ್ರೇ, ಆಡಿಟರು ಒಪ್ಪುತ್ತಾರೋ ಕಾಣೆ. ಮೇಡಂ, ಅಗ್ಗಕ್ಕೆ ಸಿಕ್ಕ ಬಾಟಲಿಯಲ್ಲೇ ಹೆಚ್ಚು ಎಚ್ಚರ ಬೇಕು. ಅಲ್ಲಿ ಪುಸ್ತಕದ ದಾಸ್ತಾನು ಕೊಟ್ಟ ಹಣಕ್ಕಿಂತ ಮೇಲಿರುತ್ತದೆ. ಅಂತರವನ್ನೆಲ್ಲ ಈ ವರ್ಷದ ಲಾಭ ಅಂದರೆ, ಇನ್ನೂ ತುಂಬಿಸದ ಬಾಟಲಿಯ ಮೇಲೆ ಲಾಭ ತೋರಿಸಿದಂತಾಗುತ್ತದೆ. ಸಾಗಾಣಿಕೆ, ಹಮಾಲಿ ನಿಮ್ಮ 120ರಲ್ಲಿ ಸೇರಿವೆಯೋ ಇಲ್ಲವೋ, ಅದನ್ನೂ ನೋಡಿ ಹೇಳಿ. ದರದಲ್ಲಿ ಅವು ಸೇರಿದ್ದು, ಬಿಲ್ಲು ಮಾತ್ರ ಬೇರೆ ಖಾತೆಗೆ ಹೋಗುತ್ತಿದ್ದರೆ ನಿಮ್ಮ 18 ರೂಪಾಯಿಯೇ ಸರಿಯಿಲ್ಲ.

ತುಮಕೂರಿನಿಂದ:

ಹಮಾಲಿ ದರದಲ್ಲಿ ಸೇರಿದೆ. ಲಾರಿ ಬಾಡಿಗೆ ಯಾವ ಖಾತೆಗೆ ಹೋಗುತ್ತಿದೆ ಅಂತ ಸೋಮವಾರ ವೋಚರ್ ತೆಗೆದು ನೋಡಿ ಬರೆಯುತ್ತೇನೆ.