ವೈರ್‌ಕಟ್: ಉಕ್ಕನ್ನು ‘ಕೊಯ್ಯುತ್ತದೆ’ ಅನ್ನಬಹುದಾ?

ಪಿಂಪ್ರಿಯಿಂದ:
ಬೀದರ್, ಕಲಬುರಗಿ ಕಡೆಯಿಂದ ಇಲ್ಲಿನ ಟೂಲ್‌ರೂಮುಗಳಿಗೆ ಬರುವ ಹುಡುಗರಿಗೆ, ತೆಳು ತಂತಿಯಿಂದ ಉಕ್ಕಿಗೆ ಆಕಾರ ಕೊಡುವ ವೈರ್‌ಕಟ್ ಮಷೀನಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ‘ವೈರು ಉಕ್ಕನ್ನು ಕೊಯ್ಯುತ್ತದೆ’ ಅಂತ ಬರೆದಿದ್ದೇನೆ, ಸರಿನಾ? ಹಾರ್ಡನಿಂಗ್ ಆದ ಡೈಗೆ ಮಿಲ್ಲಿಂಗ್ ಬಿಟ್ಟು ವೈರ್‌ಕಟ್ ಯಾವಾಗ ಅನ್ನುವುದನ್ನೂ ಸೇರಿಸಬೇಕು.

ಮುಂಬೈಯಿಂದ:
‘ಕೊಯ್ಯು’ ಬೇಡ, ‘ಸುಡು’ ಅನ್ನಿ. ವೈರು ಕಾದು ಕೆಂಪಗಾಗಿ ಉಕ್ಕನ್ನು ಕರಗಿಸುತ್ತದೆ. ಥರ್ಮಾಕೋಲ್ ಕತ್ತರಿಸುವ ತಂತಿ ನೋಡಿಲ್ವಾ, ಹಾಗೇ.

ಭೋಸರಿಯಿಂದ:
ಕರಗುವುದು ನಿಜ ಸರ್, ಆದರೆ ವೈರು ಕೆಂಪಗಾಗುವುದಿಲ್ಲ, ಉಕ್ಕನ್ನು ಮುಟ್ಟುವುದೂ ಇಲ್ಲ. ಮುಟ್ಟಿದರೆ ಶಾರ್ಟ್ ಆಗಿ ಮಷೀನು ಹಿಂದೆ ಸರಿಯುತ್ತದೆ. ನಡುವೆ ಕೂದಲಿಗಿಂತ ಸಣ್ಣ ಸಂದು, ಅದರಲ್ಲಿ ಡಿಅಯಾನೈಸ್ಡ್ ನೀರು. ಅಲ್ಲಿ ಕಿಡಿ ಹಾರಿದಾಗೆಲ್ಲ ಉಕ್ಕಿನ ಒಂದು ಕಣ ಕರಗುತ್ತದೆ, ನೀರು ತೊಳೆದು ಒಯ್ಯುತ್ತದೆ. ವೈರೂ ಸವೆಯುತ್ತದೆ. ಅದಕ್ಕೇ ಹಿತ್ತಾಳೆ ವೈರು ರೀಲಿನಿಂದ ಬರುತ್ತಲೇ ಇರುತ್ತದೆ, ಒಮ್ಮೆ ಓಡಿದ್ದು ಗುಜರಿಗೆ. ಉಕ್ಕು ಗಟ್ಟಿಯೋ ಮೆದುವೋ ಕಿಡಿಗೆ ಲೆಕ್ಕವಿಲ್ಲ, ಕರೆಂಟು ಹರಿದರೆ ಸಾಕು.

ಮಿಲ್ಲಿಂಗ್ ಎಲ್ಲಿ ಸೋಲುತ್ತದೆ ನೋಡಿ. ಡಿ2 ಉಕ್ಕಿನ ಡೈ ಪ್ಲೇಟು, 30 ಮಿ.ಮೀ. ದಪ್ಪ, ಗಡಸುತನ 60 ಎಚ್‌ಆರ್‌ಸಿ, ಕಿಂಡಿಯ ಒಳಮೂಲೆಗೆ 0.2 ರೇಡಿಯಸ್. ಆ ಮೂಲೆಗೆ 0.4 ಮಿ.ಮೀ. ಕಟ್ಟರ್ 30 ಮಿ.ಮೀ. ಆಳಕ್ಕೆ ಇಳಿಯಬೇಕು, ಆಗೋ ಮಾತಲ್ಲ. 0.25 ವೈರಿನ ಅರ್ಧ 0.125, ಸಂದು ಸುಮಾರು 0.025. ಅಂದರೆ 0.15ರವರೆಗೆ ಮೂಲೆ ಸಿಗುತ್ತದೆ. ಹಾರ್ಡನಿಂಗ್‌ನಲ್ಲಿ ಪ್ಲೇಟು ಸ್ವಲ್ಪ ಸೊಟ್ಟಗಾದರೂ ಕಿಂಡಿ ಆಮೇಲೆ ಬೀಳುವುದರಿಂದ ಅಳತೆ ಕೆಡುವುದಿಲ್ಲ. ವೈರು ಪೋಣಿಸುವ ತೂತನ್ನು ಮಾತ್ರ ಹಾರ್ಡನಿಂಗ್‌ಗೆ ಮುಂಚೆಯೇ ಹಾಕಿಸಿ.

ಹಣ ಉಳಿಸಲು ಒಂದೇ ಪಾಸಿಗೆ ಬಿಡಬೇಡಿ. ಕರಗಿ ಮತ್ತೆ ಗಟ್ಟಿಯಾದ ಪದರ ಗೋಡೆಗೆ ಅಂಟಿರುತ್ತದೆ, ಪ್ರೆಸ್ಸಿನಲ್ಲಿ ಅಂಚು ಬೇಗ ಚಿಪ್ ಆಗುತ್ತದೆ. ಗೋಡೆ ಮಂಕಾಗಿ, ಉಗುರಿಗೆ ಒರಟಾಗಿದ್ದರೆ ಆ ಪದರ ತೆಗೆಯುವ ತೆಳು ಪಾಸು, ಅಂದರೆ ಸ್ಕಿಮ್ ಕಟ್, ಹಾಕಿದ್ದೀರಾ ಅಂತ ಕೇಳಿ.

ಗೋವಾದಿಂದ:
ನಮ್ಮ ಪ್ಲಾಸ್ಟಿಕ್ ಮೋಲ್ಡಿನ ಪಾಕೆಟ್ಟನ್ನು ವೈರ್‌ಕಟ್‌ನವರು ವಾಪಸ್ ಕಳಿಸಿದ್ದಾರೆ. ಉಕ್ಕು ಗಟ್ಟಿಯೇ ಇದೆ, 52 ಎಚ್‌ಆರ್‌ಸಿ. ಮತ್ತೆ ಹಾರ್ಡನಿಂಗ್ ಮಾಡಿಸಬೇಕಾ?

ಭೋಸರಿಯಿಂದ:
ಅಯ್ಯೋ, ಬೇಡ. ಪಾಕೆಟ್ಟಿಗೆ ತಳ ಇದೆಯಲ್ಲ! ವೈರು ಮೇಲಿನಿಂದ ಕೆಳಗೆ ದಾಟಿ ಹೋಗಲೇಬೇಕು. ಮೂಲೆ ದೊಡ್ಡದಿದ್ದು ಆಳ ಕಡಿಮೆಯಿದ್ದರೆ ಕಾರ್ಬೈಡ್ ಕಟ್ಟರಿನಲ್ಲಿ ಹಾರ್ಡ್ ಮಿಲ್ಲಿಂಗ್ ಮಾಡಿಸಿ, ಅದೇ ಬೇಗ. ಮೂಲೆ ಚೂಪಾಗಿದ್ದರೆ ವೈರಿನ ಬದಲು ಆಕಾರ ಕೊಟ್ಟ ಎಲೆಕ್ಟ್ರೋಡ್ ಇಳಿಸಿ ಕಿಡಿಯಿಂದಲೇ ಕೊರೆಯುವ ಇಡಿಎಂ ಮಾಡಿಸಿ.

ಪಿಂಪ್ರಿಯಿಂದ:
ಹಾಗಾದರೆ ‘ಕಿಡಿಯಿಂದ ಸವೆಸುತ್ತದೆ’ ಅಂತ ಬರೀಲಾ?

ಮುಂಬೈಯಿಂದ:
ಸವೆಸು ಅಂದರೆ ಉಜ್ಜಿದ ಹಾಗಾಯ್ತು. ಮುಟ್ಟೋದೇ ಇಲ್ಲ ಅಂದರಲ್ಲ ಈಗ. ನನ್ನ ‘ಸುಡು’ವೇ ವಾಸಿ.

ಭೋಸರಿಯಿಂದ:
ಇಲ್ಲಿ ಎಲ್ಲರೂ ‘ವೈರ್‌ಕಟ್ ಮಾಡಿಸು’ ಅಂತಾರೆ, ಅಷ್ಟೇ. ‘ಸವೆಸು’ ನನಗೆ ಒಪ್ಪಿಗೆ, ಆದರೆ ಅದರ ಪಕ್ಕದಲ್ಲಿ ‘ಮುಟ್ಟದೆ’ ಅಂತ ಸೇರಿಸಿ.