ಸಹಾಯ ಬೇಕು: ರೂಮ್ ಬಾಡಿಗೆ ಮಿತಿ ಮೀರಿದ್ರೆ ಔಷಧಿ ಬಿಲ್ಲನ್ನೂ ಕಡಿತ ಮಾಡಬಹುದಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ, ಹೋದ ತಿಂಗಳು ಹರ್ನಿಯಾ ಆಪರೇಷನ್ ಆಯ್ತು. ಆರೋಗ್ಯ ವಿಮೆ ಪಾಲಿಸಿ 3 ಲಕ್ಷದ್ದು. ರೂಮ್ ಬಾಡಿಗೆಗೆ ದಿನಕ್ಕೆ ಶೇ. 1, ಅಂದ್ರೆ 3,000 ರೂ. ಮಿತಿ. ಮೇಲೆ ಶೇ. 20 ಕೋ-ಪೇ, ಅಂದ್ರೆ ಕಂಪನಿ ಒಪ್ಪಿದ ಮೊತ್ತದಲ್ಲಿ ಅಷ್ಟು ಪಾಲು ನಾವೇ ಕಟ್ಬೇಕು. ಡಿಡಕ್ಟಿಬಲ್ ಇಲ್ಲ. ಬೇರೆ ರೂಮ್ ಖಾಲಿ ಇರ್ಲಿಲ್ಲ ಅಂತ 6,000ದ ರೂಮಿಗೆ ಒಪ್ಕೊಂಡ್ವಿ. ದಿನಕ್ಕೆ 3,000 ಮಾತ್ರ ಕೈಯಿಂದ ಹೋಗುತ್ತೆ ಅಂದ್ಕೊಂಡಿದ್ದೆ, ಅಲ್ಲೇ ತಪ್ಪಿದ್ದು.

ಒಟ್ಟು ಬಿಲ್ 1,80,000. ಅದ್ರಲ್ಲಿ ನಾಲ್ಕು ದಿನದ ರೂಮ್ 24,000, ಸರ್ಜನ್, ಓಟಿ, ನರ್ಸಿಂಗ್ ಸೇರಿ 1,00,000, ಔಷಧಿ ಮತ್ತು ಒಳಗೆ ಹಾಕಿದ ಮೆಶ್ 56,000. ಅರ್ಹತೆಯ ಎರಡರಷ್ಟು ಬಾಡಿಗೆಯ ರೂಮ್ ಅಂತ ಕಂಪನಿಯವರು ಇಡೀ ಬಿಲ್ಲನ್ನೇ ಅರ್ಧ ಮಾಡಿ 90,000ಕ್ಕೆ ಇಳಿಸಿದ್ರು. ಅದ್ರಲ್ಲಿ ಕೋ-ಪೇ ಕಳೆದು ಕೊಟ್ಟಿದ್ದು 72,000.

ಆದ್ರೆ ಪಾಲಿಸಿ ಪುಸ್ತಕದಲ್ಲಿ ಔಷಧಿ, ಇಂಪ್ಲಾಂಟ್‌ಗೆ ಈ ಅನುಪಾತದ ಕಡಿತ ಅನ್ವಯಿಸಲ್ಲ ಅಂತ ಬರೆದಿದೆ. ಹಾಗಾದ್ರೆ 12,000 + 50,000 + 56,000 = 1,18,000, ಕೋ-ಪೇ ಕಳೆದು 94,400 ಬರ್ಬೇಕಿತ್ತು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್, ಕಂಪನಿ ಪರವಾಗಿ ಕ್ಲೇಮ್ ನೋಡ್ಕೊಳ್ಳೋ ಟಿಪಿಎ ಇಬ್ರನ್ನೂ ಕೇಳಿದೆ, "ಸಿಸ್ಟಮ್ ಲೆಕ್ಕ" ಅಂತಷ್ಟೇ ಹೇಳ್ತಾರೆ.

ನನ್ನ ಲೆಕ್ಕ ಸರಿ ಇದೆಯಾ? ಸರಿ ಇದ್ರೆ ಬಾಕಿ 22,400ಕ್ಕೆ ಕಂಪನಿಯ ದೂರು ಅಧಿಕಾರಿಗೆ ಬರೆಯುವಾಗ ಯಾವ್ಯಾವ ಕಾಗದ ಲಗತ್ತಿಸ್ಬೇಕು?